ದೊಡ್ಡಪ್ಪನ ಮೇಲೆ ಕವಿತೆ: ಮನೆಯ ಗುಟ್ಟು ಬಿಡದೆ, ದೂರು ಹೇಳದೆ ಬರೆಯುವ ಬಗೆ

ತೀರಿಕೊಂಡವರ ಮೇಲೆ ಕವಿತೆ ಬರೆಯುವುದು ಬೇರೆ, ನಾಳೆ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂರುವವರ ಮೇಲೆ ಬರೆಯುವುದು ಬೇರೆ. ಬದುಕಿರುವವರು ಓದುತ್ತಾರೆ. ಓದದಿದ್ದರೆ ಯಾರಾದರೂ ಓದಿ ಹೇಳುತ್ತಾರೆ. ಅದಕ್ಕೆ ಉತ್ತರ ಕೊಡೋಣ ಅಂದರೆ ಅವರ ಕೈಯಲ್ಲಿ ಕವಿತೆ ಇಲ್ಲ. ನಮ್ಮ ಕೈಯಲ್ಲಿದೆ. ಎಲ್ಲ ತೊಡಕು ಇಲ್ಲಿಂದಲೇ ಶುರು.

ಒಂದೇ ಒಂದು ಕವಿತೆ ಇಟ್ಟುಕೊಂಡು ಮೊದಲಿನಿಂದ ಕೊನೆವರೆಗೆ ಹೋಗೋಣ. ಇದು ಈ ಮಾರ್ಗದರ್ಶಿಗಾಗಿಯೇ ನಾನು ಕಟ್ಟಿದ ಉದಾಹರಣೆ, ಯಾರ ಮನೆಯದೂ ಅಲ್ಲ. ಆದರೆ ಮೂಡಿಗೆರೆ, ಸಕಲೇಶಪುರದ ಕಡೆಯವರಿಗೆ ಇಂಥದ್ದು ಹೊಸದೇನೂ ಅನ್ನಿಸಲಿಕ್ಕಿಲ್ಲ. ಇಬ್ಬರು ಅಣ್ಣತಮ್ಮಂದಿರು, ಜಂಟಿ ಕಾಫಿ ತೋಟ. ಅಣ್ಣ ಸಾಲ ಮಾಡಿದ, ಎರಡು ಎಕರೆ ಮಾರಬೇಕಾಯಿತು, ಮಾತು ನಿಂತಿತು. ತಮ್ಮನ ಮಗ ಈಗ ಕವಿತೆ ಬರೆಯಲು ಕೂತಿದ್ದಾನೆ. ಸಿಟ್ಟಿನಲ್ಲಿ ಬಂದ ಮೊದಲ ಕರಡು ಹೀಗಿದೆ:

ದೊಡ್ಡಪ್ಪ, ಕುಡಿದು ಕಳೆದೆ ನೀನು
ಅಪ್ಪ ನೆಟ್ಟ ಎರಡು ಎಕರೆ ರೋಬಸ್ಟಾ.
ಸೊಸೈಟಿಯ ಸಾಲದ ಕಾಗದಕ್ಕೆ
ಅಪ್ಪನ ಸಹಿಯನ್ನೂ ನೀನೇ ಹಾಕಿದೆ.
ಈಗ ಯಾವ ಮುಖ ಹೊತ್ತು
ಬೇಲಿಯ ಹೊರಗೆ ನಿಂತು ಹೂ ನೋಡುತ್ತೀಯ?

ಈ ಕರಡನ್ನು ಹರಿದು ಹಾಕಬೇಡಿ. ಸಿಟ್ಟಿನ ಕರಡು ಬರೆದೇ ಮುಗಿಸಬೇಕು. ಇಲ್ಲದಿದ್ದರೆ ಆ ಸಿಟ್ಟು ಮುಂದಿನ ಹತ್ತು ಕರಡುಗಳಲ್ಲಿ ಬೇರೆ ವೇಷದಲ್ಲಿ ಬರುತ್ತದೆ. ಆದರೆ ಇದು ಕಾಗದದ ಮೇಲೆ, ನಿಮ್ಮ ಪುಸ್ತಕದೊಳಗೆ ಇರಲಿ. ಫೋನಿನಲ್ಲಿ ಬೇಡ. ಮನೆಯವರೆಲ್ಲ ಫೋಟೋ ನೋಡಲು ಎತ್ತಿಕೊಳ್ಳುವ ಫೋನಿನಲ್ಲಂತೂ ಬೇಡವೇ ಬೇಡ.

ಕಂಡದ್ದು, ಕೇಳಿದ್ದು, ಊಹಿಸಿದ್ದು

ಮೊದಲ ಕೆಲಸ, ಪ್ರತಿ ಸಾಲಿನ ಪಕ್ಕ ಒಂದು ಅಕ್ಷರ ಬರೆಯುವುದು. ನಿಮ್ಮ ಕಣ್ಣಾರೆ ಕಂಡದ್ದಾದರೆ ಕಂ, ಯಾರೋ ಹೇಳಿ ಕೇಳಿದ್ದಾದರೆ ಕೇ, ನಿಮ್ಮ ಲೆಕ್ಕಾಚಾರವಾದರೆ ಊ. ಸುಮ್ನೆ ಮನಸ್ಸಿನಲ್ಲಿ ಮಾಡಿದರೆ ಆಗದು, ಪೆನ್ನು ಹಿಡಿದೇ ಮಾಡಬೇಕು. ಯಾಕೆಂದರೆ ಚಿಕ್ಕಂದಿನಿಂದ ಕೇಳಿದ ಮಾತುಗಳು ಎಷ್ಟೋ ಸಲ ನಾವೇ ಕಂಡಂತೆ ಮನಸ್ಸಿನಲ್ಲಿ ಕೂತಿರುತ್ತವೆ.

ನಮ್ಮ ಕರಡಿಗೆ ಇದನ್ನು ಹಚ್ಚಿ ನೋಡಿ. ಕುಡಿಯುವ ಮಾತು ಅತ್ತೆ ಹೇಳಿದ್ದು, ಕೇ. ಕುಡಿತದಿಂದಲೇ ತೋಟ ಹೋಯಿತು ಅನ್ನುವುದು ಊ. ಕಾಫಿ ರೇಟು ಬಿದ್ದ ವರ್ಷದ ಸಾಲವೋ, ಮಗಳ ಓದಿನ ಸಾಲವೋ ಹುಡುಗನಿಗೆ ಗೊತ್ತಿಲ್ಲ. ಸಹಿಯ ವಿಷಯ ರಾತ್ರಿ ಅಪ್ಪ ಅಮ್ಮ ಅಡುಗೆಮನೆಯಲ್ಲಿ ಮಾತಾಡಿಕೊಂಡಿದ್ದು, ಅದೂ ಕೇ. ಅಪ್ಪ ನೆಟ್ಟ ಗಿಡ ಅನ್ನುವುದು ಅರ್ಧ ಕಂ: ಮೊದಲ ಗಿಡಗಳು ಅಜ್ಜನ ಕಾಲದವು, ಸತ್ತ ಗಿಡದ ಜಾಗಕ್ಕೆ ಅಪ್ಪ ಹೊಸ ಗಿಡ ಇಟ್ಟದ್ದನ್ನು ಮಾತ್ರ ಹುಡುಗ ಕಂಡಿದ್ದಾನೆ. ‘ಯಾವ ಮುಖ ಹೊತ್ತು’ ಅನ್ನುವುದು ತೀರ್ಪು. ಕೊನೆಗೆ ಪೂರ್ತಿ ಕಂ ಅಂತ ಉಳಿದದ್ದು ಒಂದೇ: ದೊಡ್ಡಪ್ಪ ಬೇಲಿಯ ಹೊರಗೆ ನಿಂತು ಹೂ ನೋಡುತ್ತಿದ್ದರು.

ಆರು ಸಾಲಿನಲ್ಲಿ ಒಂದು. ಇದು ನಿರಾಸೆ ಪಡುವ ವಿಷಯ ಅಲ್ಲ. ಕವಿತೆ ಆ ಒಂದರಲ್ಲೇ ಇದೆ. ಉಳಿದ ಐದು ಸಾಲುಗಳನ್ನು ಮನೆಯಲ್ಲಿ ಯಾರಾದರೂ ಗದ್ಯದಲ್ಲೇ ಹೇಳಿಕೊಂಡಾಗಿದೆ. ಬೇಲಿಯ ಹತ್ತಿರ ಅವರು ನಿಂತದ್ದನ್ನು ಯಾರೂ ಹೇಳಿಲ್ಲ.

ಕೇಳಿದ್ದನ್ನು ಬರೆಯಲೇಬಾರದು ಅಂತೇನಿಲ್ಲ. ಆದರೆ ಆಗ ‘ನಾನು ಕೇಳಿದೆ’ ಅನ್ನುವುದನ್ನೇ ಬರೆಯಬೇಕು: ಎಲ್ಲಿ ನಿಂತು, ಯಾವ ವಯಸ್ಸಿನಲ್ಲಿ, ಯಾರ ದನಿಯಲ್ಲಿ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಬಂದ ಪಿಸುಮಾತು ಮಗುವಿನದು. ಆ ಪಿಸುಮಾತಿನಲ್ಲಿದ್ದ ವಿಷಯ ಮಗುವಿನದಲ್ಲ.

ಹೊಸ ಸುದ್ದಿ ಆಗಬಾರದು

ಗುಟ್ಟು ಕಾಪಾಡುವುದು ಅಂದರೆ ಹೆಸರು ಬದಲಾಯಿಸುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಓದುಗರು ಎರಡು ಥರ ಇದ್ದಾರೆ. ಒಬ್ಬರು ಪರಿಚಯ ಇಲ್ಲದವರು. ಅವರಿಂದ ಮರೆಮಾಡುವುದು ಸುಲಭ, ಹೆಸರು ತೆಗೆದರೆ ಮುಗಿಯಿತು. ಇನ್ನೊಬ್ಬರು ನೆಂಟರು, ಪಕ್ಕದ ತೋಟದವರು, ಸೊಸೈಟಿಯ ಗುಮಾಸ್ತರು. ನೀವು ಹೆಸರನ್ನು ರಂಗಪ್ಪ ಅಂತ ಮಾಡಿ, ಊರನ್ನು ಕಡೂರಿಗೆ ಎತ್ತಿ ಹಾಕಿ, ಏನೇ ಮಾಡಿ, ಅವರಿಗೆ ಮೂರನೇ ಸಾಲಿಗೇ ಗೊತ್ತಾಗುತ್ತದೆ. ನೋವು ಆಗುವುದೂ ಈ ಎರಡನೇ ಗುಂಪಿನಿಂದಲೇ.

ಹಾಗಾಗಿ ನಾನು ಬಳಸುವ ಅಳತೆ ಇದು: ಈ ಕವಿತೆ ಓದಿ ಯಾವ ನೆಂಟರಿಗೂ ಒಂದು ಹೊಸ ಸಂಗತಿ ಗೊತ್ತಾಗಬಾರದು. ತೋಟ ಮಾರಿದ್ದು ಊರಿಗೆಲ್ಲ ಗೊತ್ತು. ಸಹಿಯ ವಿಷಯ ಗೊತ್ತಿರುವುದು ಒಂದು ಮನೆಯ ಇಬ್ಬರಿಗೆ. ಅದು ಕವಿತೆಯಲ್ಲಿ ಬಂದರೆ ಅದು ಸುದ್ದಿ, ಆಮೇಲೆ ಅದನ್ನು ಕವಿತೆಯಾಗಿ ಯಾರೂ ಓದುವುದಿಲ್ಲ. ಜೊತೆಗೆ ಪೆಟ್ಟು ಬೀಳುವುದು ದೊಡ್ಡಪ್ಪನಿಗೆ ಮಾತ್ರವಲ್ಲ. ಅವರ ಮಗಳಿಗೆ ಗಂಡು ನೋಡುತ್ತಿರಬಹುದು. ಬಂದ ಸಂಬಂಧದವರು ಊರಲ್ಲಿ ವಿಚಾರಿಸುವಾಗ ಈ ಆರು ಸಾಲು ಯಾರ ಬಾಯಿಂದಾದರೂ ಬರಬಹುದು. ಆ ಹುಡುಗಿ ಕವಿತೆಯಲ್ಲಿ ಎಲ್ಲೂ ಇಲ್ಲ, ಆದರೂ ಅದರ ಬೆಲೆ ತೆರುವವಳು ಅವಳು. ಇನ್ನೊಬ್ಬರನ್ನೂ ಮರೆಯಬೇಡಿ, ಅಪ್ಪನನ್ನು. ತನ್ನ ಸಹಿಯನ್ನು ಅಣ್ಣನೇ ಹಾಕಿದ ಅನ್ನುವುದು ಅಪ್ಪನ ಪಾಲಿಗೂ ಅವಮಾನ. ಅದನ್ನು ಅವರು ಇಷ್ಟು ವರ್ಷ ಹೊರಗೆ ಬಿಟ್ಟಿಲ್ಲ ಅಂದರೆ ಅದಕ್ಕೊಂದು ಕಾರಣ ಇರುತ್ತದೆ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇನ್ನೊಬ್ಬರ ಸಹಿ ಹಾಕಿದ ಅಂತ ಬರೆಯುವುದು ಅಪರಾಧದ ಆರೋಪ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿದೆ, ಅಲ್ಲಿ ‘ನಾನು ಬರೆದದ್ದು ನಿಜ’ ಅಂದರೆ ಸಾಲದು, ಅದನ್ನು ಹೊರಗೆ ಹೇಳುವುದರಲ್ಲಿ ಸಾರ್ವಜನಿಕ ಹಿತ ಇತ್ತು ಅಂತಲೂ ತೋರಿಸಬೇಕು. 1994ರ ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಒಬ್ಬರ ಮನೆ, ಮದುವೆ, ಮಕ್ಕಳ ವಿಷಯವನ್ನು ಒಪ್ಪಿಗೆ ಇಲ್ಲದೆ ಪ್ರಕಟಿಸುವಂತಿಲ್ಲ, ನಿಜವಾದರೂ ಅಷ್ಟೇ, ಹೊಗಳಿಕೆಯಾದರೂ ಅಷ್ಟೇ ಅಂತ ಹೇಳಿತು. ಸಾರ್ವಜನಿಕ ದಾಖಲೆಯಲ್ಲಿ ಇರುವುದಕ್ಕೆ ವಿನಾಯಿತಿ ಇದೆ. ಆದರೆ ದಾಖಲೆ ಅಂದ ಕೂಡಲೇ ನಮ್ಮ ಕಡೆ ಪಹಣಿ ನೆನಪಾಗುತ್ತದಲ್ವಾ? ಅದೇ ಒಂದು ಅಪಾಯ. ಭೂಮಿ ತಂತ್ರಾಂಶದಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿದರೆ ಯಾರು ಬೇಕಾದರೂ ಪಹಣಿ ನೋಡಬಹುದು. ಒಡೆಯರ ಹೆಸರು, ವಿಸ್ತೀರ್ಣ, ಋಣದ ಕಾಲಂ ಎಲ್ಲ ಕಾಣುತ್ತದೆ. ಕವಿತೆಗೆ ಗತ್ತು ಬರಲಿ ಅಂತ ಸರ್ವೆ ನಂಬರನ್ನು ಶೀರ್ಷಿಕೆ ಮಾಡುವ ಆಸೆ ಹಲವರಿಗೆ ಬರುತ್ತದೆ. ದಯವಿಟ್ಟು ಬೇಡ. ಅದರ ಬದಲು ಮನೆಯ ಬಾಗಿಲಿಗೆ ಬೋರ್ಡು ಹಾಕಿದರೂ ಒಂದೇ.

ಏನನ್ನು ಬದಲಾಯಿಸುವುದು, ಏನನ್ನು ಬಿಡುವುದು

ವಿವರಗಳಲ್ಲಿ ಎರಡು ಜಾತಿ. ಒಂದು ಗುರುತು ಹಿಡಿಸುವುದು, ಇನ್ನೊಂದು ಕವಿತೆಯನ್ನು ಹೊರುವುದು. ಊರು, ಎಕರೆ, ವರ್ಷ, ಸೊಸೈಟಿ, ಮಕ್ಕಳ ಸಂಖ್ಯೆ, ಯಾವ ಕಾಲು ಕುಂಟು, ಇವೆಲ್ಲ ಗುರುತು. ಇವನ್ನು ತೆಗೆಯಿರಿ. ಬದಲಾಯಿಸುವುದಕ್ಕಿಂತ ತೆಗೆಯುವುದೇ ವಾಸಿ, ಸುಳ್ಳು ವಿವರ ಒಂದು ಬಂದರೆ ಅದನ್ನು ಕಾಪಾಡಲು ಇನ್ನೂ ನಾಲ್ಕು ಬೇಕಾಗುತ್ತದೆ.

ಹೂ, ಬೇಲಿ, ನಿಂತ ರೀತಿ, ಇವು ಕವಿತೆಯನ್ನು ಹೊರುತ್ತಿವೆ. ಮರೆಮಾಡಬೇಕು ಅಂತ ಕಾಫಿಯನ್ನು ತೆಂಗು ಮಾಡಿ ಅರಸೀಕೆರೆಗೆ ಒಯ್ದರೆ ಕವಿತೆ ಅಲ್ಲೇ ಸಾಯುತ್ತದೆ. ಯಾಕೆ ಅಂದರೆ, ಕಾಫಿಯಲ್ಲಿ ಹೂಮಳೆ ಅಂತ ಒಂದಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ಒಂದು ವಾರ, ಹತ್ತು ದಿನದೊಳಗೆ ತೋಟ ಪೂರ್ತಿ ಒಟ್ಟಿಗೆ ಬೆಳ್ಳಗಾಗುತ್ತದೆ, ಎರಡು ಮೂರು ದಿನ ಆ ವಾಸನೆ ರಸ್ತೆವರೆಗೂ ಬರುತ್ತದೆ, ಆಮೇಲೆ ಕಂದಾಗುತ್ತದೆ. ಮಾರಿದ ತೋಟವನ್ನು ವರ್ಷದಲ್ಲಿ ಆ ಎರಡು ಮೂರು ದಿನ ಮಾತ್ರ ನೋಡಲು ಬರುವ ಮುದುಕ ಅನ್ನುವುದು ಕಾಫಿಯಲ್ಲಿ ಮಾತ್ರ ಸಾಧ್ಯ. ಮತ್ತೆ ಕಾಫಿಯಿಂದ ಯಾರ ಗುರುತೂ ಸಿಗುವುದಿಲ್ಲ. ಸಕಲೇಶಪುರದಿಂದ ಕೊಪ್ಪದವರೆಗೆ ಎಷ್ಟು ಸಾವಿರ ಬೆಳೆಗಾರರು!

ಅವರದ್ದೇ ಮಾತನ್ನು ಬಳಸುವ ವಿಷಯ ಸ್ವಲ್ಪ ಜಾಸ್ತಿ ಸೂಕ್ಷ್ಮ. ಪತ್ರ, ವಾಟ್ಸಾಪ್ ಮೆಸೇಜು, ಫೋನಲ್ಲಿ ಅತ್ತದ್ದು, ಇವು ನಿಮಗಾಗಿ ಮಾತ್ರ ಬಂದವು. ಅಮೆರಿಕದ ಕವಿ ರಾಬರ್ಟ್ ಲೋವೆಲ್ 1973ರಲ್ಲಿ ಪ್ರಕಟಿಸಿದ ‘ದಿ ಡಾಲ್ಫಿನ್’ ಸಂಕಲನದಲ್ಲಿ, ತಾನು ಬಿಟ್ಟುಬಂದ ಹೆಂಡತಿ ಎಲಿಜಬೆತ್ ಹಾರ್ಡ್‌ವಿಕ್ ಬರೆದ ಪತ್ರಗಳ ಸಾಲುಗಳನ್ನು ಹಾಕಿಕೊಂಡರು, ಹಾಕಿಕೊಳ್ಳುವಾಗ ತಿದ್ದಿಯೂ ತಿದ್ದಿದರು. ಹಸ್ತಪ್ರತಿ ಓದಿದ ಗೆಳತಿ, ಕವಿ ಎಲಿಜಬೆತ್ ಬಿಷಪ್, ಬೇಡ ಅಂತ ಬರೆದರು. ಪತ್ರ ಬಳಸಿದ್ದಕ್ಕೆ ಅಷ್ಟೇ ಅಲ್ಲ, ನಿಜ ಮತ್ತು ಕಲ್ಪನೆ ಬೆರೆಸಿ ಆಕೆಯ ಬಾಯಲ್ಲಿ ಆಕೆ ಆಡದ ಮಾತು ಇಟ್ಟದ್ದಕ್ಕೆ. ಪುಸ್ತಕಕ್ಕೆ 1974ರಲ್ಲಿ ಪುಲಿಟ್ಜರ್ ಬಂತು, ಬಿಷಪ್ ಎತ್ತಿದ ಪ್ರಶ್ನೆ ಮಾತ್ರ ಇವತ್ತಿಗೂ ಅದರ ಜೊತೆಗೇ ಇದೆ. ದೊಡ್ಡಪ್ಪ ಆಡದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಡಿ. ಆಡಿದ ಮಾತಾದರೆ ಕೇಳಿ ಇಡಿ. ಎರಡೂ ಆಗದಿದ್ದರೆ ಅವರು ಕವಿತೆಯಲ್ಲಿ ಮಾತಾಡದೇ ಇರಲಿ.

ದೂರು ಇರುವುದು ಕ್ರಿಯಾಪದದಲ್ಲಿ

ಸಂಗತಿಗಳನ್ನು ತೆಗೆದ ಮೇಲೂ ಕವಿತೆ ದೂರಿನಂತೆಯೇ ಕೇಳಿಸಬಹುದು. ಆಗ ವ್ಯಾಕರಣ ನೋಡಬೇಕು. ಕನ್ನಡದಲ್ಲಿ ಕ್ರಿಯಾಪದವೇ ಯಾರು ಮಾಡಿದ್ದು ಅನ್ನುವುದನ್ನು ಹೊತ್ತು ತಿರುಗುತ್ತದೆ. ‘ದೊಡ್ಡಪ್ಪ’ ಅಂತ ಕರೆದು ‘ಕಳೆದೆ’ ಅಂದರೆ ‘ನೀನು’ ಅಂತ ಬರೆಯದಿದ್ದರೂ ಬೆರಳು ಎದುರಿಗಿರುವವರ ಕಡೆಗೇ ಇರುತ್ತದೆ. ಹಿರಿಯರಿಗೆ ‘ನೀನು’ ಅಂದು ಕವಿತೆ ಪೂರ್ತಿ ಅವರತ್ತ ತಿರುಗಿ ನಿಂತರೆ ಓದುಗ ತಾನಾಗಿ ಪಂಚಾಯಿತಿ ಕಟ್ಟೆಯ ಮೇಲೆ ಕೂರುತ್ತಾನೆ. ‘ನಿಂತಿದ್ದಾರೆ’ ಅಂತ ಮಾಡಿ ನೋಡಿ. ಗೌರವವೂ ಬಂತು, ಗಂಡೋ ಹೆಣ್ಣೋ ಅನ್ನುವುದೂ ಮುಚ್ಚಿತು, ಒಬ್ಬರೋ ಇಬ್ಬರೋ ಅನ್ನುವುದೂ ಹೇಳಬೇಕಾಗಿಲ್ಲ. ‘ದೊಡ್ಡಪ್ಪ’ ಅನ್ನುವ ಪದವನ್ನೂ ತೆಗೆಯಬಹುದು, ಅಪ್ಪನಿಗೆ ಒಬ್ಬರೇ ಅಣ್ಣ ಇದ್ದರೆ ಅದು ಹೆಸರು ಬರೆದಷ್ಟೇ ಸರಿ.

ಎದುರು ದಿಕ್ಕಿನಲ್ಲೂ ಒಂದು ಗುಂಡಿ ಇದೆ. ನೋವಾಗಬಾರದು ಅಂತ ಎಲ್ಲವನ್ನೂ ‘ಹೋಯಿತು’ ಮಾಡುವುದು: ತೋಟ ಹೋಯಿತು, ಮಾತು ನಿಂತಿತು, ಮನೆ ಒಡೆಯಿತು. ತೋಟ ತಾನಾಗಿ ಎದ್ದು ಹೋಗಲಿಲ್ಲ. ಓದುಗನಿಗೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ವಾಸನೆ ಹೊಡೆಯುತ್ತದೆ, ಆಗ ಅವನು ಊಹಿಸುವುದು ನಿಜಕ್ಕಿಂತ ಕೆಟ್ಟದ್ದನ್ನೇ. ನಾನು ಪಾಲಿಸುವುದು ಇಷ್ಟು: ಅವರು ಮಾಡಿದ್ದನ್ನು ನಾನು ಕಂಡಿದ್ದರೆ ಮಾತ್ರ ಅವರನ್ನು ಕ್ರಿಯೆಯ ಕರ್ತೃ ಮಾಡುತ್ತೇನೆ. ನಿಂತರು, ಕೊಡೆ ಮಡಚಿದರು, ಮುಟ್ಟಲಿಲ್ಲ. ಕಾಣದ್ದನ್ನು ‘ಹೋಯಿತು’ ಅಂತಲೂ ಬರೆಯುವುದಿಲ್ಲ, ಅದನ್ನು ಕವಿತೆಯ ಹೊರಗೇ ಬಿಡುತ್ತೇನೆ.

ಪ್ರಶ್ನೆಗಳ ಮೇಲೆ ಒಂದು ಕಣ್ಣಿರಲಿ. ‘ಯಾವ ಮುಖ ಹೊತ್ತು’, ‘ನಿನಗೆ ನಿದ್ದೆ ಬರುತ್ತದಾ’, ‘ಅಪ್ಪ ಏನು ಮಾಡಿದ್ದರು ನಿನಗೆ’, ಇವು ಉತ್ತರ ಕೇಳುವ ಪ್ರಶ್ನೆಗಳಲ್ಲ, ಬೈಗುಳ. ಹೀಗೇ ಕೊನೆಯ ಎರಡು ಸಾಲನ್ನು ಅನುಮಾನದಿಂದ ನೋಡಿ. ಕವಿತೆಯ ಉದ್ದಕ್ಕೂ ತಡೆದುಕೊಂಡ ಸಿಟ್ಟು ಕೊನೆಯಲ್ಲಿ ಹೊರಗೆ ಬರುತ್ತದೆ. ಆ ಎರಡು ಸಾಲನ್ನು ಕೈಯಿಂದ ಮುಚ್ಚಿಕೊಂಡು ಓದಿ, ಬಹಳ ಸಲ ಕವಿತೆ ಅದಕ್ಕೂ ಮೊದಲೇ ಮುಗಿದಿರುತ್ತದೆ.

ಇನ್ನು, ‘ನಾನು’ ಎಲ್ಲಿದ್ದೇನೆ ಅನ್ನುವುದು. ಮೊದಲ ಕರಡಿನಲ್ಲಿ ‘ನಾನು’ ಇಲ್ಲವೇ ಇಲ್ಲ, ಬರೀ ನ್ಯಾಯಾಧೀಶನ ದನಿ ಇದೆ. ಅವತ್ತು ದೊಡ್ಡಪ್ಪ ಬೇಲಿಯ ಹತ್ತಿರ ನಿಂತಾಗ ಹುಡುಗ ಎಲ್ಲಿದ್ದ? ಬೈಕಿನಲ್ಲಿ ಹೋಗುತ್ತಿದ್ದ. ನಿಲ್ಲಿಸಿದನಾ? ಇಲ್ಲ. ಈ ಒಂದು ಸಂಗತಿ ಸೇರಿದ ಕೂಡಲೇ ಕವಿತೆ ಇಬ್ಬರದೂ ಆಗುತ್ತದೆ. ಹಾಗಂತ ಎದೆ ಬಡಿದುಕೊಂಡು ‘ನಾನೇ ಪಾಪಿ’ ಅನ್ನಬೇಕಿಲ್ಲ, ಅದು ಇನ್ನೊಂದು ಥರದ ದೂರು. ನೀವು ಮಾಡಿದ್ದನ್ನು, ಮಾಡದೇ ಬಿಟ್ಟದ್ದನ್ನು ಅವರ ಪಕ್ಕದಲ್ಲಿ ಅದೇ ದನಿಯಲ್ಲಿ ಇಟ್ಟರೆ ಸಾಕು.

ಇಷ್ಟು ಮಾಡಿದ ಮೇಲೆ ಉದಾಹರಣೆ ಹೀಗೆ ನಿಂತಿತು:

ಮಳೆ ಬಿದ್ದು ಎಂಟು ದಿನ.
ತೋಟವೆಲ್ಲ ಬೆಳ್ಳಗೆ.
ಬೇಲಿಯ ಹೊರಗೆ ನಿಂತಿದ್ದಾರೆ,
ಕೊಡೆ ಮಡಚಿ ಕಂಕುಳಲ್ಲಿ.
ಒಂದು ಕೊಂಬೆ ರಸ್ತೆಗೆ ಬಾಗಿದೆ.
ಮುಟ್ಟಲಿಲ್ಲ.
ನಾನು ಬೈಕು ನಿಲ್ಲಿಸಲಿಲ್ಲ.
ಕರೆಯುವ ಮಾತೊಂದಿತ್ತು,
ಹೆಲ್ಮೆಟ್ಟಿನೊಳಗೇ ಉಳಿಯಿತು.

ಸಾಲ ಇಲ್ಲ, ಸಹಿ ಇಲ್ಲ, ಕುಡಿತ ಇಲ್ಲ, ಎಕರೆ ಇಲ್ಲ. ತೋಟ ಈಗ ಅವರದಲ್ಲ ಅನ್ನುವುದು ‘ಹೊರಗೆ’ ಮತ್ತು ‘ಮುಟ್ಟಲಿಲ್ಲ’ದಲ್ಲಿ ಬಂದಿದೆ. ಜಗಳ ಆಗಿದೆ ಅನ್ನುವುದು ಬೈಕಿನಲ್ಲಿದೆ. ಮೂಡಿಗೆರೆಯ ಓದುಗರಿಗೂ ಬೆಂಗಳೂರಿನ ಓದುಗರಿಗೂ ಇಷ್ಟೇ ಸಿಗುವುದು, ನೆಂಟರಿಗೂ ಇದಕ್ಕಿಂತ ಹೆಚ್ಚು ಸಿಗುವುದಿಲ್ಲ.

ಈಗ ಒಂದು ಪರೀಕ್ಷೆ. ನಿಮ್ಮ ಮನೆಯ ಕಥೆ ಗೊತ್ತಿಲ್ಲದ ಒಬ್ಬರಿಗೆ ಕವಿತೆ ಓದಿ ಹೇಳಿ, ಆಮೇಲೆ ಒಂದೇ ಪ್ರಶ್ನೆ ಕೇಳಿ: ‘ತಪ್ಪು ಯಾರದ್ದು ಅನ್ನಿಸ್ತು?’ ಥಟ್ ಅಂತ ಒಬ್ಬರ ಕಡೆ ಬೆರಳು ಹೋದರೆ ಅದು ಇನ್ನೂ ದೂರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ‘ತಪ್ಪಾ? ಏನಾಗಿತ್ತು ಅವರಿಗೆ?’ ಅಂದರೆ ಕೆಲಸ ಆಗಿದೆ.

ಅವರಿಗೆ ತೋರಿಸುವುದು

ಬದುಕಿರುವವರಿಗೆ ತೋರಿಸದೆ ಪ್ರಕಟಿಸಬಾರದು ಅನ್ನುವುದು ನನ್ನ ನಿಲುವು. ಕೆಲವರು ಒಪ್ಪುವುದಿಲ್ಲ, ತೋರಿಸಿದರೆ ಬರೆಯುವ ಧೈರ್ಯವೇ ಹೋಗುತ್ತದೆ ಅನ್ನುತ್ತಾರೆ. ಅದಕ್ಕೇ ಬರೆದು ಮುಗಿಸಿದ ಮೇಲೆ ತೋರಿಸಿ, ಬರೆಯುವಾಗ ಬೇಡ.

ವಾಟ್ಸಾಪಿನಲ್ಲಿ ಕಳಿಸಬೇಡಿ. ಕಳಿಸಿದ ಅರ್ಧ ಗಂಟೆಯಲ್ಲಿ ಅದು ಫ್ಯಾಮಿಲಿ ಗ್ರೂಪಿನಲ್ಲಿರುತ್ತದೆ. ಹಬ್ಬದ ದಿನ, ಎಲ್ಲರೂ ಸೇರಿದಾಗಲೂ ಬೇಡ. ನಾಲ್ಕು ಜನರ ಮುಂದೆ ಕೇಳಿದರೆ ಅವರು ‘ಬರ್ಕೋ ಮಾರಾಯ, ನಂಗೇನು’ ಅಂತಲೇ ಅನ್ನಬೇಕಾಗುತ್ತದೆ, ಅದು ಒಪ್ಪಿಗೆ ಅಲ್ಲ. ಒಬ್ಬರೇ ಇರುವಾಗ ಹೋಗಿ, ನೀವೇ ಓದಿ ಹೇಳಿ, ದೊಡ್ಡ ಅಕ್ಷರದಲ್ಲಿ ಬರೆದ ಒಂದು ಹಾಳೆ ಕೊಟ್ಟು ಬನ್ನಿ. ಕೆಲವು ದಿನ ಬಿಟ್ಟು ಮತ್ತೆ ಹೋಗಿ. ಎರಡು ಮನೆಗೆ ಮಾತಿಲ್ಲದಿದ್ದರೆ ಮಧ್ಯವರ್ತಿ ಕೈಯಲ್ಲಿ ಹಾಳೆ ಕಳಿಸುವುದು ಸುಲಭ ಅನ್ನಿಸುತ್ತದೆ. ಆದರೆ ಆಗ ಅವರು ಓದುವ ಮೊದಲೇ ಇನ್ನೊಬ್ಬರು ಓದಿರುತ್ತಾರೆ. ನೀವೇ ಹೋಗಬೇಕು.

‘ಚೆನ್ನಾಗಿದೆಯಾ’ ಅಂತ ಕೇಳಬೇಡಿ, ‘ಹಾಕಲಾ’ ಅಂತಲೂ ಮೊದಲೇ ಕೇಳಬೇಡಿ. ಹೀಗೆ ಕೇಳಿ: ‘ದೊಡ್ಡಪ್ಪಾ, ಇದನ್ನ ಊರಿನವರು ಓದಿದ್ರೆ ನಿಮಗೆ ಯಾವ ಸಾಲು ಕಷ್ಟ ಆಗುತ್ತೆ?’ ಆಗ ಬರುವ ಉತ್ತರ ನೀವು ಎಣಿಸಿದ್ದೇ ಆಗಿರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಅವರು ಬೇಲಿಯ ಸಾಲಿಗೆ ಏನೂ ಅನ್ನದೆ, ‘ಕೊಡೆ ತೆಗಿ, ಬೇಸಿಗೆಯಲ್ಲೂ ಕೊಡೆ ಹಿಡಿಯೋನು ಊರಲ್ಲಿ ನಾನೊಬ್ಬನೇ’ ಅನ್ನಬಹುದು. ತೆಗೆಯಿರಿ. ‘ಟೋಪಿ ತೆಗೆದು ಕೈಯಲ್ಲಿ’ ಅಂತ ಮಾಡಬೇಕೆಂದಿಲ್ಲ, ಹೊಸ ಸುಳ್ಳು ಬೇಡ. ‘ನಿಂತಿದ್ದಾರೆ’ ಆದ ಮೇಲೆ ನೇರ ಕೊಂಬೆಗೆ ಬಂದರೆ ಕವಿತೆ ಇನ್ನೂ ಬಿಗಿಯಾಗುತ್ತದೆ.

‘ಬೇಡ’ ಅಂದರೆ ಬೇಡ. ಕಾರಣ ಕೇಳಿ ಒತ್ತಾಯ ಮಾಡಬೇಡಿ, ಕವಿತೆಯ ಕೆಳಗೆ ದಿನಾಂಕ ಬರೆದು ಇಟ್ಟುಕೊಳ್ಳಿ. ಮನಸ್ಸು ಬದಲಾದರೆ ಅವರೇ ಹೇಳುತ್ತಾರೆ. ಮರೆವಿನ ಕಾಯಿಲೆ ಇದ್ದು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರ ವಿಷಯದಲ್ಲಿ, ಅವರನ್ನು ದಿನಾ ನೋಡಿಕೊಳ್ಳುವವರಿಗೆ ತೋರಿಸಿ, ಮತ್ತೆ ಅವರ ದೇಹದ ಕಷ್ಟಗಳನ್ನು, ಬಚ್ಚಲಿನ ವಿಷಯಗಳನ್ನು ಯಾರ ಒಪ್ಪಿಗೆ ಇದ್ದರೂ ಬರೆಯಬೇಡಿ.

ಒಂದು ಮಿತಿ ಹೇಳಲೇಬೇಕು. ನಿಮ್ಮನ್ನು ಹೊಡೆದವರ, ನಿಮ್ಮ ಮೈ ಮುಟ್ಟಿದವರ ಬಗ್ಗೆ ಬರೆಯುವಾಗ ಈ ಹೆಜ್ಜೆಗಳು ಅನ್ವಯಿಸುವುದಿಲ್ಲ. ಅಲ್ಲಿ ಆದದ್ದು ನಿಮ್ಮ ಮೇಲೆ, ಅದು ನಿಮ್ಮದೇ ಸಂಗತಿ, ತೋರಿಸಲು ಹೋಗುವ ಅಗತ್ಯವೂ ಇಲ್ಲ. ಅಲ್ಲಿ ದೂರೇ ಸರಿಯಾದ ದನಿ ಆಗಿರಬಹುದು. ಪ್ರಕಟಿಸುವ ಮೊದಲು ವಕೀಲರನ್ನೂ ನಂಬುವ ಒಬ್ಬರನ್ನೂ ಕೇಳಿಕೊಳ್ಳಿ, ಅಷ್ಟೇ.

ಪ್ರಕಟಿಸುವಾಗ

ನಮ್ಮ ಕಡೆ ಹೆಸರಿನ ಜೊತೆ ಊರು ಸೇರಿಸಿ ಬರೆಯುವ ರೂಢಿ ಇದೆ. ಕವಿತೆಯಲ್ಲಿ ಊರು ತೆಗೆದು ಕೆಳಗೆ ಸಹಿಯಲ್ಲಿ ಊರು ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ಈ ಕವಿತೆಗೆ ಹೆಸರು ಮಾತ್ರ ಸಾಕು, ಸಂಪಾದಕರಿಗೆ ಮೊದಲೇ ಒಂದು ಸಾಲು ಬರೆದು ತಿಳಿಸಿ. ಫೇಸ್‌ಬುಕ್ಕಿನಲ್ಲಿ ಹಾಕುವುದಾದರೆ ತೋಟದ ಫೋಟೋ ಬೇಡ, ಆ ತಿರುವು ಆ ಗೇಟು ಯಾರದ್ದು ಅಂತ ಗುರುತು ಹಿಡಿಯುವವರು ಇದ್ದೇ ಇರುತ್ತಾರೆ. ‘ಇದು ನಿಮ್ಮ ದೊಡ್ಡಪ್ಪನಾ?’ ಅಂತ ಕಾಮೆಂಟು ಬಂದರೆ ಹೌದು ಅನ್ನಬೇಡಿ, ಅಲ್ಲ ಅಂತ ಸುಳ್ಳೂ ಹೇಳಬೇಡಿ, ‘ಓದಿದ್ದಕ್ಕೆ ಥ್ಯಾಂಕ್ಸ್’ ಅಂದು ಮುಂದೆ ಹೋಗಿ. ತಾಲ್ಲೂಕು ಸಮ್ಮೇಳನದ ಕವಿಗೋಷ್ಠಿಯಲ್ಲಿ ಓದುವಾಗ ‘ಇದು ನಮ್ಮ ಮನೆಯಲ್ಲಿ ನಡೆದದ್ದು’ ಅಂತ ಪೀಠಿಕೆ ಹಾಕುವ ಅಭ್ಯಾಸ ಬಿಡಿ, ಎಷ್ಟೋ ಗುಟ್ಟು ಹೊರಬೀಳುವುದು ಆ ಪೀಠಿಕೆಯಲ್ಲೇ. ಅಚ್ಚಾದ ಪ್ರತಿ ಬಂದಾಗ ಮೊದಲು ಒಂದನ್ನು ದೊಡ್ಡಪ್ಪನಿಗೆ ಕೊಡಿ, ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗುವ ಮೊದಲು.